ಯಕ್ಷಗಾನದ ಪದ್ಯ, ತಾಳ, ಚೆಂಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹವ್ಯಾಸಿ ಮದ್ದಳೆಗಾರ. ಆಟ ಮುಗಿದ ಮೇಲೆ ಬಣ್ಣದ ಮನೆ, ಅಂದರೆ ಚೌಕಿಯ ಹತ್ತಿರ ಬಂದು ಮಾತಾಡಿಸುವವರು ಕೇಳುವ ಪ್ರಶ್ನೆಗಳು ಸುಮಾರಾಗಿ ಇವೇ. ವೇಷ, ಬಣ್ಣ, ಮಾತುಗಾರಿಕೆಯ ವಿಷಯ ಇಲ್ಲಿ ಇಲ್ಲ. ಹಿಮ್ಮೇಳದ್ದು, ಅಂದರೆ ಹಾಡು, ಮದ್ದಳೆ, ಚೆಂಡೆಯದ್ದು ಮಾತ್ರ.

ಭಾಗವತರು ಹಾಡುವುದು ಕರ್ನಾಟಕ ಸಂಗೀತವೇ?

ಅಲ್ಲ. ರಾಗಗಳ ಹೆಸರು ನೋಡಿದರೆ ಹಾಗೆ ಅನ್ನಿಸುತ್ತದೆ. ಭೈರವಿ, ಮೋಹನ, ಕಾಂಭೋಜಿ, ಸಾವೇರಿ, ಮಧ್ಯಮಾವತಿ ಎಲ್ಲವೂ ಇಲ್ಲೂ ಇವೆ. ಆದರೆ ಹೆಸರು ಒಂದೇ ಆದರೂ ನಡೆ ಬೇರೆ. ಕಛೇರಿಯಲ್ಲಿ ಕೇಳಿದ ಭೈರವಿಯನ್ನು ಮನಸ್ಸಲ್ಲಿಟ್ಟುಕೊಂಡು ಹಳೆ ಪದ್ಧತಿಯ ಭಾಗವತರ ಭೈರವಿ ಕೇಳಿದರೆ ‘ಇದು ಭೈರವಿಯಾ?’ ಅಂತ ಅನುಮಾನ ಬರುವುದು ಸಹಜ. ಮಾರವಿ, ಘಂಟಾರವ, ಗೋಪನೀತೆಯಂಥ ರಾಗಗಳ ಹೆಸರನ್ನು ಕಛೇರಿಯ ಕೇಳುಗರು ಕೇಳಿರುವುದೇ ಕಡಿಮೆ.

ಆದರೆ ರಾಗಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಕಛೇರಿಯಲ್ಲಿ ಗಾಯಕರು ಮನಸ್ಸು ಬಂದಷ್ಟು ಹೊತ್ತು ರಾಗ ಬೆಳೆಸಬಹುದು. ಇಲ್ಲಿ ಭಾಗವತರ ಎದುರು ಕಾಲಿಗೆ ಗೆಜ್ಜೆ ಕಟ್ಟಿಕೊಂಡ ಒಬ್ಬ ವೇಷಧಾರಿ ನಿಂತಿರುತ್ತಾನೆ. ಅವನು ಪದ್ಯಕ್ಕೆ ಕುಣಿಯಬೇಕು, ಅಭಿನಯ ಮಾಡಬೇಕು, ಆಮೇಲೆ ಅದೇ ಪದ್ಯದ ಮೇಲೆ ಅರ್ಥ, ಅಂದರೆ ತನ್ನದೇ ಮಾತು, ಹೇಳಬೇಕು. ಹಾಗಾಗಿ ಆಲಾಪನೆ ಇದ್ದರೂ ಎರಡು ಉಸಿರಿನಷ್ಟು. ಸಾಹಿತ್ಯ ಸ್ಪಷ್ಟವಾಗಿ ಕೇಳಬೇಕು, ಇಲ್ಲದಿದ್ದರೆ ಮುಂದಿನ ಅರ್ಥಕ್ಕೆ ಬುಡವೇ ಇಲ್ಲ.

ಪ್ರಸಂಗ ಪುಸ್ತಕದಲ್ಲಿ ಪದ್ಯದ ಮೇಲೆ ‘ಭೈರವಿ, ಝಂಪೆ’ ಅಂತ ಬರೆದಿರುತ್ತದೆ. ಹಾಗೇ ಹಾಡಬೇಕಾ?

ರಾಗ ಬದಲಾಗಬಹುದು. ತಾಳ ಸುಲಭಕ್ಕೆ ಬದಲಾಗುವುದಿಲ್ಲ.

ರಾಗ ಭಾಗವತರ ಕೈಯಲ್ಲಿದೆ. ಹಿಂದಿನ ಪದ್ಯವೂ ಭೈರವಿಯೇ ಆಗಿದ್ದರೆ ಇದನ್ನು ಬೇರೆ ರಾಗಕ್ಕೆ ತಿರುಗಿಸುತ್ತಾರೆ. ಪಾತ್ರದ ಮನಸ್ಥಿತಿ ಬೇರೆ ಅನ್ನಿಸಿದರೂ ಬದಲಿಸುತ್ತಾರೆ. ಬಡಗಿನಲ್ಲಿ, ಅಂದರೆ ಉತ್ತರದ ಶೈಲಿಯಲ್ಲಿ, 1990ರಲ್ಲಿ ತೀರಿಕೊಂಡ ಗುಂಡ್ಮಿ ಕಾಳಿಂಗ ನಾವಡರು, ತೆಂಕಿನಲ್ಲಿ, ಅಂದರೆ ದಕ್ಷಿಣದ ಶೈಲಿಯಲ್ಲಿ, ದಾಮೋದರ ಮಂಡೆಚ್ಚರು ಹಳೆ ಪದ್ಯಗಳಿಗೆ ಹೊಸ ರಾಗಗಳನ್ನು ತಂದು ಜನಪ್ರಿಯರಾದರು. ಅದನ್ನು ಮೆಚ್ಚಿದವರೂ ಇದ್ದರು, ಮೂಗು ಮುರಿದವರೂ ಇದ್ದರು. ಆದರೆ ಪದ್ಯ ಆಗಲೂ ನಿಂತಿತ್ತು.

ತಾಳ ಹಾಗಲ್ಲ. ಅದು ಕವಿ ಪದ್ಯ ಬರೆಯುವಾಗಲೇ ಅಕ್ಷರಗಳ ಒಳಗೆ ಕೂತುಬಿಟ್ಟಿರುತ್ತದೆ. ಮೇಳದಲ್ಲಿ ಇದಕ್ಕೆ ‘ಮಟ್ಟು’ ಅನ್ನುತ್ತಾರೆ. ಮಟ್ಟು ಅಂದರೆ ಬರೀ ಧಾಟಿ ಅಲ್ಲ, ಪದ್ಯದ ಅಚ್ಚು ಅಂದುಕೊಳ್ಳಿ. ಮಟ್ಟು ಗೊತ್ತಿಲ್ಲದೆ ಪ್ರಸಂಗ ಬರೆದವರ ಪದ್ಯ ಓದಲು ಚೆಂದ ಇರುತ್ತದೆ. ಹಾಡಲು ಕೂತಾಗ ಭಾಗವತರು ತಲೆ ಕೆರೆದುಕೊಳ್ಳುತ್ತಾರೆ.

ತಾಳ ಅಕ್ಷರದೊಳಗೆ ಕೂತಿರುತ್ತದೆ ಅಂದರೆ ಏನು? ತೋರಿಸಿ ನೋಡೋಣ.

ಮಾತ್ರೆ ಎಣಿಸುವುದು ಶಾಲೆಯಲ್ಲಿ ಕಲಿತದ್ದು ನೆನಪಿದೆಯಲ್ವಾ? ಲಘು ಒಂದು, ಗುರು ಎರಡು. ಅಷ್ಟೇ ಸಾಕು. ಕೆಳಗಿನ ಸಾಲುಗಳು ಯಾವ ಪ್ರಸಂಗದ್ದೂ ಅಲ್ಲ, ಲೆಕ್ಕ ತೋರಿಸಲು ನಾನೇ ಕಟ್ಟಿದ್ದು.

ಮೊದಲನೆಯದು:

ನಾನಿರಲು | ಚಿಂತೆಯೇ | ಕೊಡಿರೆನಗೆ | ನೇಮವನು

ಪ್ರತಿ ತುಂಡಿನಲ್ಲೂ ಐದು ಮಾತ್ರೆ. ‘ನಾ’ ಎರಡು, ‘ನಿ’, ‘ರ’, ‘ಲು’ ಒಂದೊಂದು. ಇದು ಝಂಪೆಯ ಪದ್ಯ. ಬಾಯಲ್ಲಿ ‘ತಕ ತಕಿಟ’ ಅಂತ ಹೇಳುತ್ತಾ ಈ ಸಾಲು ಓದಿ, ತಾನಾಗಿ ಕೂರುತ್ತದೆ.

ಎರಡನೆಯದು:

ಮಗನೆ | ಹೋಗದೆ | ಇರಲು | ಬಾರದೆ

ಇಲ್ಲಿ ಮೂರು, ನಾಲ್ಕು, ಮೂರು, ನಾಲ್ಕು. ಮೂರು ನಾಲ್ಕು ಸೇರಿ ಏಳು. ಇದು ತ್ರಿವುಡೆಯ ನಡೆ. ‘ತಕಿಟ ತಕಧಿಮಿ’ ಅಂತ ಹೇಳಿ ನೋಡಿ.

ಮೂರನೆಯದು:

ಹೊಕ್ಕನು | ಬಾಲಕ | ವೈರಿಯ | ಪಡೆಯೊಳು

ನಾಲ್ಕು, ನಾಲ್ಕು, ನಾಲ್ಕು, ನಾಲ್ಕು. ಏಕತಾಳಕ್ಕೆ ಹೇಳಿ ಮಾಡಿಸಿದ್ದು.

ಈಗ ಎರಡನೆಯ ಸಾಲನ್ನು ಏಕತಾಳದಲ್ಲಿ, ಅಂದರೆ ನಾಲ್ಕು ನಾಲ್ಕು ಮಾತ್ರೆಗೆ ಒಂದು ಪೆಟ್ಟು ಹಾಕುತ್ತಾ ಓದಿ. ಮೊದಲ ಪೆಟ್ಟು ‘ಮ’ ಮೇಲೆ ಬೀಳುತ್ತದೆ, ಸರಿ. ಎರಡನೆಯದು ‘ಹೋ’ ಅನ್ನುವ ದೀರ್ಘದ ನಡು ಸೊಂಟಕ್ಕೆ ಬೀಳುತ್ತದೆ. ಮೂರನೆಯದು ‘ಇರಲು’ ಶಬ್ದವನ್ನು ‘ಇ’ ಮತ್ತು ‘ರಲು’ ಅಂತ ಸೀಳುತ್ತದೆ. ಕೊನೆಗೆ ಹದಿನಾಲ್ಕು ಮಾತ್ರೆಯಲ್ಲಿ ಎರಡು ಉಳಿದುಹೋಗುತ್ತದೆ. ಹಾಡಲೇ ಆಗುವುದಿಲ್ಲ ಅಂತಲ್ಲ. ಅನುಭವಿಗಳು ಎಳೆದು, ಒತ್ತಿ, ಹೇಗೋ ಕೂರಿಸುತ್ತಾರೆ. ಆದರೆ ಮಾತು ಮಾತಾಗಿ ಕೇಳುವುದಿಲ್ಲ. ಕೆಳಗೆ ಕೂತವರಿಗೆ ‘ಏನೋ ತಪ್ಪಿದೆ’ ಅನ್ನಿಸುತ್ತದೆ. ಏನು ಅಂತ ಹೇಳಲು ಬರುವುದಿಲ್ಲ, ಅಷ್ಟೇ.

ರೂಪಕ, ಆದಿ, ಅಷ್ಟ ತಾಳಗಳಿಗೂ ಹೀಗೆ ಅವುಗಳದ್ದೇ ಲೆಕ್ಕ ಇದೆ. ಹೊಸಬರು ಮೊದಲು ಝಂಪೆ, ತ್ರಿವುಡೆ, ಏಕ ಈ ಮೂರನ್ನು ಕಿವಿಗೆ ಹಾಕಿಕೊಂಡರೆ ಸಾಕು. ಒಂದು ರಾತ್ರಿಯ ಆಟದಲ್ಲಿ ತುಂಬ ಪದ್ಯಗಳ ನಡೆ ಗುರುತು ಹಿಡಿಯಬಹುದು.

ಕೆಲವು ಪದ್ಯಗಳಿಗೆ ತಾಳವೇ ಹಾಕುವುದಿಲ್ಲ. ಏಕೆ?

ಅವು ಹೆಚ್ಚಾಗಿ ಭಾಮಿನಿ, ವಾರ್ಧಕ, ಕಂದ ಅಥವಾ ವೃತ್ತ. ತಮಾಷೆ ನೋಡಿ, ಭಾಮಿನಿ ಷಟ್ಪದಿಯ ಒಳಗೂ ಮೂರು ನಾಲ್ಕರ ನಡೆಯೇ ಇದೆ. ವಾರ್ಧಕದಲ್ಲಿ ಐದರ ನಡೆ. ಲೆಕ್ಕಕ್ಕೆ ತ್ರಿವುಡೆ, ಝಂಪೆ ಹಾಕಬಹುದಿತ್ತು. ಹಾಕುವುದಿಲ್ಲ. ಭಾಗವತರು ತಾಳ ನಿಲ್ಲಿಸಿ ರಾಗದಲ್ಲಿ ಬಿಡಿಸಿ ಹಾಡುತ್ತಾರೆ. ಮದ್ದಳೆಯವರು ಶ್ರುತಿಗೆ ಸೇರಿಸಿ ಅಲ್ಲೊಂದು ಇಲ್ಲೊಂದು ನುಡಿ ಕೊಡುತ್ತಾರೆ.

ಕಾರಣ ರಂಗದಲ್ಲಿದೆ. ಇಂಥ ಪದ್ಯ ಬರುವ ಜಾಗದಲ್ಲಿ ಸಾಮಾನ್ಯವಾಗಿ ಕುಣಿತ ಬೇಡ. ಕಥೆ ಒಂದು ಹೆಜ್ಜೆ ಮುಂದೆ ಹೋಗಬೇಕು, ಇಲ್ಲವೇ ಪಾತ್ರ ಸುಮ್ನೆ ನಿಂತು ಯೋಚಿಸಬೇಕು. ತಾಳ ಶುರುವಾದರೆ ವೇಷಧಾರಿಯ ಕಾಲು ಸುಮ್ಮನಿರುವುದಿಲ್ಲ. ತಾಳ ತೆಗೆದರೆ ಅವನ ಮುಖ, ಕಣ್ಣು ಮಾತ್ರ ಉಳಿಯುತ್ತದೆ. ಅಬ್ಬರದ ಯುದ್ಧ ಮುಗಿದ ಮೇಲೆ ಬರುವ ಒಂದು ಭಾಮಿನಿ ಇಡೀ ಮೈದಾನವನ್ನು ತಣ್ಣಗೆ ಮಾಡುತ್ತದೆ.

ಒಂದು ದೃಶ್ಯದಲ್ಲಿ ಇದೆಲ್ಲ ಹೇಗೆ ಒಟ್ಟಿಗೆ ಬರುತ್ತದೆ?

ಅಭಿಮನ್ಯುವಿನ ಕಥೆ ಎಲ್ಲರಿಗೂ ಗೊತ್ತು. ಅದನ್ನೇ ತೆಗೆದುಕೊಳ್ಳೋಣ. ಮೇಲಿನ ಮೂರು ಸಾಲುಗಳನ್ನು ನಾನು ಅದಕ್ಕಾಗಿಯೇ ಹಾಗೆ ಕಟ್ಟಿದ್ದು.

ಚಕ್ರವ್ಯೂಹದ ಸುದ್ದಿ ಬಂದಿದೆ. ಧರ್ಮರಾಯ ಚಿಂತೆಯಲ್ಲಿ ಕೂತಿದ್ದಾನೆ. ಹುಡುಗ ಬಂದು ಅಪ್ಪಣೆ ಕೇಳುತ್ತಾನೆ. ಇಲ್ಲಿ ಝಂಪೆ. ಐದರ ನಡೆಯಲ್ಲಿ ಒಂದು ಸಣ್ಣ ಕುಂಟು ಇರುತ್ತದೆ, ಎರಡು ಆಮೇಲೆ ಮೂರು. ಮಾತುಕತೆಗೆ ಅದು ಒಳ್ಳೆಯದು. ಓಡುವುದೂ ಇಲ್ಲ, ಮಲಗುವುದೂ ಇಲ್ಲ. ಭಾಗವತರು ಪದ್ಯ ಎತ್ತಿಕೊಳ್ಳುತ್ತಾರೆ, ಮದ್ದಳೆ ಜೊತೆಯಾಗುತ್ತದೆ. ಚೆಂಡೆಯವರು ಕೈ ಕಟ್ಟಿ ಕೂತಿರುತ್ತಾರೆ. ಹುಡುಗ ಚುರುಕಾಗಿ ನಾಲ್ಕು ಹೆಜ್ಜೆ ಹಾಕುತ್ತಾನೆ. ಪದ್ಯ ಮುಕ್ತಾಯ. ಅರ್ಥ. ಮಾತಿಗೆ ಮಾತು ಬೆಳೆಯುತ್ತದೆ.

ಆಮೇಲೆ ಸುಭದ್ರೆಯ ಹತ್ತಿರ ಬೀಳ್ಕೊಡುಗೆ. ತ್ರಿವುಡೆ, ನಿಧಾನ ಕಾಲ. ರಾಗ ಸಾವೇರಿಯೋ ನೀಲಾಂಬರಿಯೋ, ಭಾಗವತರ ಇಷ್ಟ. ಇಲ್ಲಿ ಸಾಲು ಎರಡೆರಡು ಸಲ, ಮೂರು ಮೂರು ಸಲ ಬರುತ್ತದೆ. ಮೊದಲ ಸಲ ಸುಭದ್ರೆ ಮಗನ ತಲೆ ಸವರುತ್ತಾಳೆ. ಎರಡನೆ ಸಲ ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಾಳೆ. ಸಾಹಿತ್ಯ ಅದೇ, ಅಭಿನಯ ಬೇರೆ. ಮದ್ದಳೆಯವನು ಈ ಹೊತ್ತಿನಲ್ಲಿ ತನ್ನ ಕೈಚಳಕ ತೋರಿಸಲು ಹೋದರೆ ದೃಶ್ಯ ಕೆಟ್ಟಿತು.

ಮೂರನೆಯದು ವ್ಯೂಹ ಹೊಗುವ ಪದ್ಯ. ಏಕತಾಳ, ವೇಗದ ಕಾಲ. ಇದು ಏರು ಪದ. ಭಾಗವತರ ಧ್ವನಿ ಮೇಲಿನ ಸ್ಥಾಯಿಗೆ ಏರುತ್ತದೆ. ಇಷ್ಟು ಹೊತ್ತು ಸುಮ್ಮನಿದ್ದ ಚೆಂಡೆ ಈಗ ಬೀಳುತ್ತದೆ. ಸಾಲು ಮುಗಿದಲ್ಲಿ ವೇಷಧಾರಿ ಸುತ್ತು ತೆಗೆಯುತ್ತಾನೆ. ತೆಂಕಿನವನಾದರೆ ಗಾಳಿಯಲ್ಲಿ ತಿರುಗುವ ದಿಗಿಣ, ಬಡಗಿನವನಾದರೆ ಮೊಣಕಾಲೂರಿ ಸುತ್ತುವ ಮಂಡಿ.

ನಿಧಾನದಿಂದ ವೇಗಕ್ಕೆ, ಮದ್ದಳೆಯಿಂದ ಚೆಂಡೆಗೆ, ಐದರಿಂದ ಏಳಕ್ಕೆ, ಏಳರಿಂದ ನಾಲ್ಕಕ್ಕೆ. ಅರ್ಧ ಗಂಟೆಯೊಳಗೆ ಇಷ್ಟು ತಿರುವು. ಮೂರೂ ಪದ್ಯ ಒಂದೇ ತಾಳದಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿ ಹಾಡಿದರೂ ಸಪ್ಪೆ.

ಚೆಂಡೆ ಯಾವಾಗ ಬಾರಿಸಬೇಕು ಅನ್ನುವುದಕ್ಕೆ ನಿಯಮ ಇದೆಯೇ?

ಇದೆ, ಸರಳವಾಗಿದೆ. ವೀರ, ರೌದ್ರ, ಪ್ರವೇಶ, ಪ್ರಯಾಣ, ಯುದ್ಧ. ಪಾತ್ರಗಳು ಮೊದಲ ಸಲ ಕುಣಿಯುತ್ತಾ ರಂಗಕ್ಕೆ ಬರುವ ಒಡ್ಡೋಲಗಕ್ಕೆ ಚೆಂಡೆ ಬೇಕು. ಶೃಂಗಾರ, ಕರುಣೆ, ಭಕ್ತಿಯ ಪದ್ಯಕ್ಕೆ ಬೇಡ.

ಏರು ಪದದಲ್ಲೂ ಒಂದು ಶಿಸ್ತು ಇದೆ. ಸಾಹಿತ್ಯ ಬರುವಾಗ ಚೆಂಡೆ ತಗ್ಗಿರಬೇಕು, ಸಾಲುಗಳ ನಡುವೆ ಏಳಬೇಕು. ಈಗ ಮೈಕು ಬಂದ ಮೇಲೆ ಇದು ಹದಗೆಟ್ಟಿದೆ ಅನ್ನುವುದು ನನ್ನ ದೂರು. ಚೆಂಡೆಗೇ ಒಂದು ಮೈಕು ಇಟ್ಟರೆ ಭಾಗವತರು ಕಿರುಚಬೇಕಾಗುತ್ತದೆ. ಹಿಂದಿನವರು ಮೈಕಿಲ್ಲದೆ ಬಯಲಲ್ಲಿ ಹಾಡುತ್ತಿದ್ದರು. ಏರು ಶ್ರುತಿಯಲ್ಲಿ ತುಂಬು ಗಂಟಲಿಂದ ಹಾಡುತ್ತಿದ್ದ ಬಲಿಪ ನಾರಾಯಣ ಭಾಗವತರ ಶೈಲಿ ಆ ಬಯಲಿನ ಅಗತ್ಯದಿಂದಲೇ ಬೆಳೆದದ್ದು ಅಂತ ನನಗೆ ಅನ್ನಿಸುತ್ತದೆ.

ಆಟ ಶುರುವಾಗುವ ಮೊದಲು ಬಾರಿಸುತ್ತಾರಲ್ಲ, ಅದು ಬೇರೆ. ಅದು ‘ಇಲ್ಲಿ ಆಟ ಇದೆ, ಬನ್ನಿ’ ಅಂತ ಊರಿಗೆ ಹೇಳುವ ಕರೆ.

ಪದ್ಯ ನಿಲ್ಲಿಸಬೇಕು ಅಂತ ಎಲ್ಲರಿಗೂ ಒಟ್ಟಿಗೆ ಗೊತ್ತಾಗುವುದು ಹೇಗೆ?

ಹೊರಗಿನವರಿಗೆ ಇದು ಮ್ಯಾಜಿಕ್ ತರ ಕಾಣುತ್ತದೆ. ಭಾಗವತರು ಹಾಡುತ್ತಾರೆ, ಮದ್ದಳೆ ಚೆಂಡೆ ಓಡುತ್ತಿರುತ್ತದೆ, ವೇಷ ಕುಣಿಯುತ್ತಿರುತ್ತದೆ, ಒಂದೇ ಪೆಟ್ಟಿಗೆ ಎಲ್ಲರೂ ಟಪ್ ಅಂತ ನಿಲ್ಲುತ್ತಾರೆ.

ಒಳಗಿನ ಲೆಕ್ಕ ಹೀಗೆ. ಪದ್ಯ ಹಾಡುವಾಗ ಮದ್ದಳೆ ತಾಳದ ಸಾದಾ ನಡೆಯನ್ನು ಹಿಡಿದುಕೊಂಡು ಹೋಗುತ್ತದೆ. ಸಾಲುಗಳ ನಡುವೆ ಕುಣಿತಕ್ಕೆ ಜಾಗ ಕೊಡಲು ಗಟ್ಟಿಯಾದ ನುಡಿಗಳ ಒಂದು ಕಟ್ಟು ಬರುತ್ತದೆ, ಅದು ಬಿಡ್ತಿಗೆ. ಕೊನೆಗೆ ಮುಕ್ತಾಯ. ಪ್ರತಿ ತಾಳಕ್ಕೂ ಅದರದ್ದೇ ಬಿಡ್ತಿಗೆ, ಅದರದ್ದೇ ಮುಕ್ತಾಯ ಇದೆ. ಹಿಮ್ಮೇಳದವರೂ ವೇಷ ಕಟ್ಟುವ ಮುಮ್ಮೇಳದವರೂ ಇದನ್ನು ಬಾಯಿತಾಳದಲ್ಲಿ ಕಲಿತಿರುತ್ತಾರೆ. ಹಾಗಾಗಿ ಮುಕ್ತಾಯದ ಮೊದಲ ನುಡಿ ಕೇಳಿದ ಕೂಡಲೇ ಉಳಿದದ್ದು ಎಲ್ಲರಿಗೂ ಗೊತ್ತು.

ಆ ಮೊದಲ ನುಡಿಗೆ ಸೂಚನೆ ಕೊಡುವುದು ಭಾಗವತರು. ತಾಳ ಅಥವಾ ಜಾಗಟೆ ಹಿಡಿದ ಕೈ ಸ್ವಲ್ಪ ಏರುತ್ತದೆ, ಪೆಟ್ಟು ಬಿಗಿಯಾಗುತ್ತದೆ, ಒಮ್ಮೊಮ್ಮೆ ಕಣ್ಣಲ್ಲೇ. ಭಾಗವತರಿಗೆ ಸೂಚನೆ ಕೊಡುವುದು ವೇಷಧಾರಿ. ಇನ್ನೂ ಕುಣಿಯಬೇಕಾ, ಸಾಕಾ ಅಂತ ಅವನ ಮೈಯ ತಿರುವಿನಲ್ಲೇ ಗೊತ್ತಾಗುತ್ತದೆ. ಭಾಗವತರನ್ನು ‘ಮೊದಲನೇ ವೇಷ’ ಅನ್ನುವುದು ಸುಮ್ನೆ ಅಲ್ಲ. ಅವರು ಹಾಡುತ್ತಲೇ ಆಟ ನಡೆಸುತ್ತಿರುತ್ತಾರೆ.

ತಪ್ಪುವುದು ಹೇಗೆ ಅಂತ ನನ್ನದೇ ಕಥೆ ಹೇಳುತ್ತೇನೆ. ಕಲಿಯಲು ಶುರು ಮಾಡಿದ ಎರಡನೇ ವರ್ಷ. ದೇವಸ್ಥಾನದ ಅಂಗಳದಲ್ಲಿ ಆಟ. ಏಕತಾಳದ ಏರು ಪದ. ಭಾಗವತರು ಬೆವರು ಒರೆಸಿಕೊಳ್ಳಲು ಕೈ ಎತ್ತಿದರು. ನಾನು ಅದನ್ನು ಸೂಚನೆ ಅಂದುಕೊಂಡು ಮುಕ್ತಾಯ ಹೊಡೆದುಬಿಟ್ಟೆ. ಚೆಂಡೆಯವರು ನನ್ನನ್ನು ನಂಬಿ ಸೇರಿಕೊಂಡರು. ಆದರೆ ವೇಷಧಾರಿ ಆಗಷ್ಟೇ ಸುತ್ತು ತೆಗೆದಿದ್ದ. ಹಿಮ್ಮೇಳ ನಿಂತಿತು, ಅವನು ಗಾಳಿಯಲ್ಲಿ! ಇಳಿದ ಮೇಲೆ ಎರಡು ಗೆಜ್ಜೆ ಹೆಜ್ಜೆ ಮೌನದಲ್ಲಿ ಕೇಳಿಸಿತು. ಭಾಗವತರು ಏನೂ ಆಗದವರಂತೆ ಅದೇ ಸಾಲನ್ನು ಮತ್ತೆ ಎತ್ತಿದರು. ಜನರಿಗೆ ಗೊತ್ತೇ ಆಗಲಿಲ್ಲ ಅಂತ ಕಾಣುತ್ತದೆ. ಚೌಕಿಯಲ್ಲಿ ಮಾತ್ರ ನನಗೆ ಸರಿಯಾಗಿ ಸಿಕ್ಕಿತು. ‘ಕೈ ನೋಡಬೇಡ ಮಾರಾಯ, ಕಾಲು ನೋಡು’ ಅಂದರು.

ತೆಂಕು ಬಡಗು ಹಿಮ್ಮೇಳವನ್ನು ಕಣ್ಣು ಮುಚ್ಚಿ ಗುರುತಿಸಬಹುದೇ?

ಖಂಡಿತ. ತೆಂಕಿನ ಚೆಂಡೆ ದೊಡ್ಡದು, ಕೇರಳದ ಚೆಂಡೆಯ ನೆಂಟ. ಹೆಗಲಿಗೆ ಹಾಕಿ ನಿಂತು ಬಾರಿಸುತ್ತಾರೆ. ನಾದ ಎದೆಗೆ ಬಡಿಯುತ್ತದೆ. ಬಡಗಿನ ಚಂಡೆ ಚಿಕ್ಕದು, ಓರೆಯಾಗಿ ಇಟ್ಟು ಕೂತು ಬಾರಿಸುತ್ತಾರೆ. ನಾದ ಹೆಚ್ಚು ತೀಕ್ಷ್ಣ. ಭಾಗವತರ ಕೈಯಲ್ಲಿ ಬಡಗಿಗೆ ತಾಳ, ತೆಂಕಿಗೆ ಜಾಗಟೆ. ತೆಂಕಿನಲ್ಲಿ ಜೊತೆಗೆ ಚಕ್ರತಾಳವೂ ಇರುತ್ತದೆ. ಉತ್ತರ ಕನ್ನಡದ ಬಡಾಬಡಗಿನಲ್ಲಿ ಅಭಿನಯಕ್ಕೆ ಹೆಚ್ಚು ಜಾಗ, ಹಾಗಾಗಿ ಪದ್ಯ ಇನ್ನಷ್ಟು ಬಿಡಿಸಿ ಬರುತ್ತದೆ. ಕೆರೆಮನೆ ಮೇಳದಲ್ಲಿ ಹಾಡಿದ ನೆಬ್ಬೂರು ನಾರಾಯಣ ಭಾಗವತರನ್ನು ಕೇಳಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಬಡಗಿನ ಮದ್ದಳೆಯಲ್ಲಿ ‘ಏರು ಮದ್ದಳೆ’ ಅಂದರೆ?

ಹಿರಿಯಡ್ಕ ಗೋಪಾಲ ರಾಯರ ಹೆಸರಿಗೆ ಅಂಟಿಕೊಂಡ ಮಾತು ಅದು. ಏರು ಶ್ರುತಿಗೆ ಹೊಂದುವ ಮದ್ದಳೆ. ಭಾಗವತರ ಶ್ರುತಿ ಏರಿದಾಗ ಮದ್ದಳೆ ಹಿಂದೆ ಬೀಳಬಾರದು, ಅಲ್ವಾ? ಅದರ ಜೊತೆಗೆ ನಮ್ಮ ಕರಾವಳಿಯ ಇಬ್ಬನಿ. ಬೆಳಗಿನ ಜಾವ ಚರ್ಮ ತೇವ ಹೀರಿ ಸಡಿಲವಾಗುತ್ತದೆ. ಶ್ರುತಿ ಇಳಿದ ಮದ್ದಳೆಯನ್ನು ಪದ್ಯದ ನಡುವೆ ಕೇಳಿದರೆ ಹಲ್ಲು ಜುಮ್ಮೆನ್ನುತ್ತದೆ. ಅರ್ಥ ನಡೆಯುವಾಗ ಮದ್ದಳೆಯವರು ಮೆಲ್ಲಗೆ ಬಿಗಿ ಸರಿ ಮಾಡಿಕೊಳ್ಳುತ್ತಿರುವುದನ್ನು ನೀವು ನೋಡಿರಬಹುದು.

ರಾತ್ರಿಯ ಹೊತ್ತಿಗೆ ತಕ್ಕ ರಾಗ ಅಂತ ಇದೆಯೇ? ಕಾಲಮಿತಿ ಆಟದಲ್ಲಿ ಅದು ಏನಾಗುತ್ತದೆ?

ಹಳೆ ಕ್ರಮದಲ್ಲಿ ಇತ್ತು. ಸಂಜೆ ಪೂರ್ವರಂಗ, ನಾಟಿಯಂಥ ರಾಗಗಳು. ತೆಂಕಿನಲ್ಲಿ ಆ ಹೊತ್ತಿಗೆ ಎಳೆಯ ಭಾಗವತರು ಹಾಡುತ್ತಿದ್ದರು. ಮುಖ್ಯ ಭಾಗವತರು ನಡುರಾತ್ರಿಯ ಹೊತ್ತಿಗೆ ಬರುತ್ತಿದ್ದರು. ಬೆಳಗಿನ ಜಾವಕ್ಕೆ ಭೂಪಾಳಿ, ಕೊನೆಗೆ ಮಂಗಳ. ರಾಗ ಕೇಳಿಯೇ ‘ಇನ್ನು ಬೆಳಗಾಯಿತು’ ಅಂತ ಚಾಪೆ ಮಡಚುವವರು ಇದ್ದರು.

ಆಟ ಮೂರು ಮೂರೂವರೆ ಗಂಟೆಗೆ ಇಳಿದ ಮೇಲೆ ಆ ಏರಿಳಿತಕ್ಕೆ ಜಾಗ ಇಲ್ಲ. ಪದ್ಯ ಕತ್ತರಿಸುವಾಗ ಮೊದಲು ಹೋಗುವುದು ನಿಧಾನ ಕಾಲದ ಪದ್ಯಗಳು ಮತ್ತು ತಾಳವಿಲ್ಲದ ಭಾಮಿನಿಗಳು. ಉಳಿಯುವುದು ಏರು ಪದಗಳು. ನನಗೆ ಕಾಲಮಿತಿಯ ಮೇಲೆ ಸಿಟ್ಟಿಲ್ಲ, ನಾಳೆ ಬೆಳಿಗ್ಗೆ ನನಗೂ ಕೆಲಸ ಇರುತ್ತದೆ. ಆದರೆ ಮೊದಲ ಗಂಟೆಯಲ್ಲೇ ಚೆಂಡೆ ಕಿವಿ ತುಂಬಿಬಿಟ್ಟರೆ ಅಭಿಮನ್ಯು ವ್ಯೂಹ ಹೊಗುವಾಗ ಇನ್ನೇನು ಬಾರಿಸುವುದು?

ತಾಳಮದ್ದಳೆಯಲ್ಲಿ ಕುಣಿತ ಇಲ್ಲ. ಅಲ್ಲೂ ಇದೇ ಕ್ರಮವೇ?

ಪದ್ಯ, ತಾಳ ಅದೇ. ಕುಣಿಯುವವರು ಇಲ್ಲದ ಕಾರಣ ಸಾಲಿನ ಪುನರಾವರ್ತನೆ ಕಡಿಮೆ, ಬಿಡ್ತಿಗೆ ಚುಟುಕು. ಪದ್ಯ ಅರ್ಥಧಾರಿಗೆ ದಾರಿ ತೋರಿಸಿ ಪಕ್ಕಕ್ಕೆ ಸರಿಯುತ್ತದೆ.

ವಯೊಲಿನ್, ಸ್ಯಾಕ್ಸೊಫೋನ್ ಸೇರಿಸಿದ್ದೂ ಉಂಟಂತೆ?

ಉಂಟು. ಶಿವರಾಮ ಕಾರಂತರು ತಮ್ಮ ಬ್ಯಾಲೆ ಪ್ರಯೋಗದಲ್ಲಿ ಎರಡನ್ನೂ ತಂದರು. ಅಲ್ಲಿ ಮಾತುಗಾರಿಕೆ ಇರಲಿಲ್ಲ, ಹಾಗಾಗಿ ಸಂಗೀತ ಆ ಜಾಗವನ್ನೂ ತುಂಬಬೇಕಿತ್ತು. ಮಾತಿರುವ ಮಾಮೂಲಿ ಆಟದಲ್ಲಿ ಅವು ನೆಲೆ ನಿಲ್ಲಲಿಲ್ಲ. ಅಲ್ಲಿ ಶ್ರುತಿಗೆ ಹಿಂದೆ ಪುಂಗಿ ಇತ್ತು, ಆಮೇಲೆ ಹಾರ್ಮೋನಿಯಂ, ಈಗ ಕರೆಂಟಿನ ಶ್ರುತಿ ಪೆಟ್ಟಿಗೆ. ಅಷ್ಟೇ.

ಸಂಗೀತ ಕಲಿತಿದ್ದೇನೆ. ಭಾಗವತಿಕೆ ಸುಲಭವಾಗುತ್ತದಾ?

ಸ್ವರ, ಶ್ರುತಿಯ ಮಟ್ಟಿಗೆ ಹೌದು. ತೆಂಕಿನಲ್ಲಿ ವೃತ್ತಿ ಮೇಳದ ಮೊದಲ ಮಹಿಳಾ ಭಾಗವತರಾದ ಲೀಲಾವತಿ ಬೈಪಾಡಿತ್ತಾಯರೂ ಶಾಸ್ತ್ರೀಯ ಸಂಗೀತದಿಂದಲೇ ಬಂದವರು. ಕಷ್ಟವಾಗುವುದು ಬೇರೆ ಕಡೆ. ಸಂಗೀತ ಕಲಿತವರು ಸಾಲಿನ ಕೊನೆಯಲ್ಲಿ ಒಂದು ಸಂಗತಿ ಹಾಕಲು ಹೋಗುತ್ತಾರೆ. ಅಷ್ಟರಲ್ಲಿ ವೇಷಧಾರಿಯ ಹೆಜ್ಜೆ ಬಿಡ್ತಿಗೆಗೆ ಕಾಯುತ್ತಿರುತ್ತದೆ. ಇನ್ನೊಂದು, ಪ್ರಸಂಗ ಇಡೀ ಬಾಯಿಗೆ ಬರಬೇಕು. ಅರ್ಥಧಾರಿ ಮಾತಿನ ಭರದಲ್ಲಿ ಎರಡು ಪದ್ಯದ ವಿಷಯವನ್ನು ಒಟ್ಟಿಗೆ ಹೇಳಿಬಿಟ್ಟರೆ ಆ ಎರಡನ್ನು ಅಲ್ಲೇ ಬಿಟ್ಟು ಮೂರನೆಯದನ್ನು ಎತ್ತಬೇಕು. ಪುಸ್ತಕದ ಹಾಳೆ ತಿರುವುತ್ತಾ ಕೂತರೆ ರಂಗದಲ್ಲಿ ಗಾಳಿ ಆಡುತ್ತದೆ.

ಕಲಿಯಲು ಶುರು ಮಾಡುವುದಾದರೆ ಹಾಡಬೇಡಿ. ಒಂದು ಆಟಕ್ಕೆ ಹೋಗಿ ಹಿಮ್ಮೇಳದ ಪಕ್ಕ ಕೂತು, ತೊಡೆಯ ಮೇಲೆ ತಾಳ ಹಾಕುತ್ತಾ ವೇಷಧಾರಿಯ ಕಾಲು ನೋಡಿ. ಮುಕ್ತಾಯ ಬರುವ ಮುಂಚೆ ಅದು ಬರುತ್ತದೆ ಅಂತ ಒಂದು ಸಲವಾದರೂ ನಿಮಗೆ ಗೊತ್ತಾದರೆ, ಮರುದಿನ ಬೆಳಿಗ್ಗೆ ಗುರುಗಳ ಮನೆ ಬಾಗಿಲು ತಟ್ಟಬಹುದು.